ಶೇಕಡಾ 84ಕ್ಕೆ ಉತ್ತರ: ಡಿಟೆಕ್ಟರ್ ಆರೋಪದ ಎದುರು ಒಬ್ಬ ಫ್ರೀಲಾನ್ಸ್ ಬರಹಗಾರ್ತಿಯ ಪತ್ರ

ಲಸಿಕೆ ಮತ್ತು ಔಷಧಗಳನ್ನು ಇಡುವ ಶೀತಲ ಕೋಣೆಗಳ ಉಪಕರಣ ಮಾರುವ ಸಂಸ್ಥೆಯೊಂದು ತನ್ನ ಗ್ರಾಹಕರಿಗಾಗಿ ಇಂಗ್ಲಿಷಿನಲ್ಲಿ ಒಂದು ವಿವರಣಾತ್ಮಕ ಲೇಖನ ಬೇಕೆಂದು ಫ್ರೀಲಾನ್ಸ್ ಬರಹಗಾರ್ತಿಯೊಬ್ಬರನ್ನು ಕೇಳಿತ್ತು. ಶೀತಲ ಕೋಣೆಯ ತಾಪಮಾನವನ್ನು ಹೇಗೆ ಅಳೆಯಬೇಕು, ಹೇಗೆ ದಾಖಲಿಸಬೇಕು ಎಂಬುದು ವಿಷಯ. ಲೇಖನ ಸಲ್ಲಿಕೆಯಾದ ಮೇಲೆ ಸಂಸ್ಥೆಯ ಕಂಟೆಂಟ್ ಮ್ಯಾನೇಜರ್ ಅವರಿಂದ ಎರಡೇ ಸಾಲಿನ ಇಮೇಲ್ ಬಂತು: ಬರಹ ಎಐ ರಚಿಸಿದ್ದೇ ಎಂದು ಪತ್ತೆಹಚ್ಚುವ ಸಾಧನವಾದ ಡಿಟೆಕ್ಟರಿನ ಪರಿಶೀಲನೆಯಲ್ಲಿ ಲೇಖನ "ಶೇ. 84 ಎಐ" ಎಂದು ತೋರಿಸಿದೆ, ಬರಹ ಲೇಖಕರ ಸ್ವಂತದ್ದೇ ಆಗಿರಬೇಕೆಂಬ ಕರಾರು ಇರುವುದರಿಂದ ಬಿಲ್ ತಡೆಹಿಡಿಯಲಾಗಿದೆ. ಜೊತೆಗೆ ಒಂದು ಸ್ಕ್ರೀನ್‌ಶಾಟ್ ಇತ್ತು. ಅದರಲ್ಲಿ ಅಂಕಿ ಮಾತ್ರ ಕಾಣುತ್ತಿತ್ತು. ಯಾವ ಪಠ್ಯವನ್ನು ಪರೀಕ್ಷಿಸಲಾಗಿದೆ, ಯಾವ ವಾಕ್ಯಗಳ ಮೇಲೆ ಗುರುತು ಬಿದ್ದಿದೆ ಎಂಬುದು ಕಾಣುತ್ತಿರಲಿಲ್ಲ.

ಆ ಬರಹಗಾರ್ತಿ ಉತ್ತರದ ಕರಡನ್ನು ಕಳಿಸುವ ಮುನ್ನ ಒಮ್ಮೆ ನೋಡಿಕೊಡಿ ಎಂದು ನನಗೆ ಕೊಟ್ಟಿದ್ದರು. ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟು, ಅವರ ಒಪ್ಪಿಗೆಯಿಂದ ಈ ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲ ಕರಡು ಏಕೆ ನಿಲ್ಲುತ್ತಿರಲಿಲ್ಲ

ಮೊದಲ ಕರಡಿನ ಮುಕ್ಕಾಲು ಭಾಗ ಡಿಟೆಕ್ಟರುಗಳ ನಿಂದನೆಗೆ ಹೋಗಿತ್ತು. ಅಮೆರಿಕದ ಸಂವಿಧಾನವನ್ನೇ ಕೆಲವು ಡಿಟೆಕ್ಟರುಗಳು ಯಂತ್ರದ ಬರಹ ಎಂದು ಹೇಳಿದ್ದವೆಂದು 2023ರಲ್ಲಿ ಬಂದ ಸುದ್ದಿಯನ್ನು ಅವರು ಎತ್ತಿಕೊಂಡಿದ್ದರು. ಕೊನೆಯಲ್ಲಿ ಇನ್ನೊಂದು ಡಿಟೆಕ್ಟರಿನ ಫಲಿತಾಂಶವನ್ನು ಲಗತ್ತಿಸಿದ್ದರು. ಅದು ಇದೇ ಲೇಖನವನ್ನು ಮನುಷ್ಯರ ಬರಹ ಎಂದು ಹೇಳಿತ್ತು.

ಈ ಎರಡು ವಾದಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಇಂಥ ಸಾಧನಗಳ ಮಾತನ್ನು ನಂಬಲಾಗದು ಎಂದು ಹೇಳಿದವರು ಅಂಥದೇ ಇನ್ನೊಂದು ಸಾಧನದ ಸಾಕ್ಷ್ಯವನ್ನು ತಂದರೆ, ಓದುವವರಿಗೆ ಅದು ತಮಗೆ ಅನುಕೂಲವಾದ ಅಂಕಿ ಸಿಗುವವರೆಗೆ ಹುಡುಕಾಡಿದಂತೆ ಕಾಣುತ್ತದೆ. ಸಂವಿಧಾನದ ಉದಾಹರಣೆಯೂ ಇಲ್ಲಿಗೆ ಸರಿಯಾಗಿ ಹೊಂದುವುದಿಲ್ಲ. ಆ ಪಠ್ಯ ಎಐ ಬರಹದ ಹಿಂದಿರುವ ಭಾಷಾ ಮಾದರಿಗಳ ತರಬೇತಿ ಸಾಮಗ್ರಿಯಲ್ಲಿ ಮತ್ತೆ ಮತ್ತೆ ಬಂದಿರುವುದರಿಂದ ಅದರ ಮುಂದಿನ ಪದವನ್ನು ಮಾದರಿ ಬಾಯಿಪಾಠದಂತೆ ಊಹಿಸುತ್ತದೆ, ಹಾಗೆ ಸುಲಭವಾಗಿ ಊಹೆಗೆ ಸಿಗುವ ಪಠ್ಯವನ್ನು ಡಿಟೆಕ್ಟರ್ ಯಂತ್ರದ್ದೆಂದು ಅನುಮಾನಿಸುತ್ತದೆ. ಹೊಸದಾಗಿ ಬರೆದ ಶೀತಲ ಕೋಣೆಯ ಲೇಖನದ ಮೇಲೆ ಗುರುತು ಬೀಳುವುದಕ್ಕೆ ಅದು ಕಾರಣವಾಗಲಾರದು. ಉದಾಹರಣೆ ಆಕರ್ಷಕವಾಗಿದೆ ಎಂಬ ಕಾರಣಕ್ಕೆ ಇಂಥ ಪತ್ರಗಳಲ್ಲಿ ಅದು ಪದೇ ಪದೇ ಕಾಣಿಸಿಕೊಳ್ಳುತ್ತದೆ. ವಿಷಯ ಬಲ್ಲ ಗ್ರಾಹಕ ಅದನ್ನು ಒಂದೇ ವಾಕ್ಯದಲ್ಲಿ ತಳ್ಳಿಹಾಕಬಹುದು.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಡಿಟೆಕ್ಟರ್ ತಪ್ಪು ಮಾಡುತ್ತದೆ ಎಂದು ಪೂರ್ತಿಯಾಗಿ ಸಾಧಿಸಿದರೂ, ಈ ಲೇಖನದ ವಿಷಯದಲ್ಲಿ ಅದು ತಪ್ಪು ಮಾಡಿದೆ ಎಂದು ಸಾಧಿಸಿದಂತಾಗುವುದಿಲ್ಲ. ಲೆಕ್ಕವನ್ನು ಒಮ್ಮೆ ಹಾಕಿ ನೋಡಬಹುದು. ಒಂದು ಸಂಸ್ಥೆಗೆ ಬರುವ 100 ಲೇಖನಗಳಲ್ಲಿ 10 ನಿಜಕ್ಕೂ ಯಂತ್ರ ಬರೆದವು ಎಂದಿಟ್ಟುಕೊಳ್ಳೋಣ. ಡಿಟೆಕ್ಟರ್ ಅವುಗಳಲ್ಲಿ 9ನ್ನು ಹಿಡಿಯುತ್ತದೆ, ಮನುಷ್ಯರ ಲೇಖನಗಳಲ್ಲಿ ಶೇ. 5ರಷ್ಟರ ಮೇಲೆ ಮಾತ್ರ ತಪ್ಪಾಗಿ ಗುರುತು ಹಾಕುತ್ತದೆ ಎಂದುಕೊಂಡರೂ, ಉಳಿದ 90ರಲ್ಲಿ ನಾಲ್ಕೈದು ಲೇಖನಗಳು ಬಲೆಗೆ ಬೀಳುತ್ತವೆ. ಅಂದರೆ ಗುರುತು ಬಿದ್ದವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ನಿರಪರಾಧಿ ಲೇಖನಗಳು. ಆದರೆ ಗ್ರಾಹಕರ ಪ್ರಶ್ನೆ, ನಿಮ್ಮದು ಯಾವ ಗುಂಪಿನದು ಎಂಬುದು. ಅದಕ್ಕೆ ಸಾಧನದ ಬಗೆಗಿನ ಯಾವ ಅಂಕಿಅಂಶವೂ ಉತ್ತರ ಕೊಡಲಾರದು. ಈ ಲೇಖನ ಹೇಗೆ ಬರೆಯಲ್ಪಟ್ಟಿತು ಎಂಬುದರ ದಾಖಲೆ ಮಾತ್ರ ಕೊಡಬಲ್ಲದು. ಎರಡನೇ ಕರಡನ್ನು ಕಟ್ಟಿದ್ದು ಈ ಒಂದು ತಿಳಿವಳಿಕೆಯ ಮೇಲೆ.

ಆ ಅಂಕಿ ಏನನ್ನು ಅಳೆಯುತ್ತದೆ

ಡಿಟೆಕ್ಟರ್ ಲೇಖಕರನ್ನು ಗುರುತಿಸುವುದಿಲ್ಲ, ಪಠ್ಯದ ಲಕ್ಷಣಗಳನ್ನು ನೋಡುತ್ತದೆ. ಪ್ರತಿ ಪದವನ್ನೂ ಅದರ ಹಿಂದಿನ ಪದಗಳಿಂದ ಎಷ್ಟು ಸುಲಭವಾಗಿ ಊಹಿಸಬಹುದು ಎಂಬುದು ಒಂದು ಲಕ್ಷಣ. ಇದರ ಅಳತೆಯನ್ನು ಪರ್‌ಪ್ಲೆಕ್ಸಿಟಿ ಎನ್ನುತ್ತಾರೆ; ಊಹೆ ಸುಲಭವಾದಷ್ಟೂ ಅದು ಕಡಿಮೆ. ವಾಕ್ಯಗಳ ಉದ್ದ ಮತ್ತು ರಚನೆ ಎಷ್ಟು ಏರಿಳಿಯುತ್ತವೆ ಎಂಬುದು ಇನ್ನೊಂದು. ಇವುಗಳ ಜೊತೆಗೆ, ಮನುಷ್ಯರ ಮತ್ತು ಯಂತ್ರದ ಪಠ್ಯಗಳ ದೊಡ್ಡ ರಾಶಿಗಳಿಂದ ತರಬೇತಿ ಪಡೆದ ವರ್ಗೀಕರಣ ಮಾದರಿಗಳನ್ನೂ ಹಲವು ಸಾಧನಗಳು ಬಳಸುತ್ತವೆ. ವ್ಯಾಖ್ಯಾನ, ಕ್ರಮಸೂಚನೆ, ಎಚ್ಚರಿಕೆಗಳಿಂದ ತುಂಬಿದ ತಾಂತ್ರಿಕ ಬರಹದಲ್ಲಿ ಮುಂದಿನ ಪದ ಸಹಜವಾಗಿಯೇ ಊಹೆಗೆ ಸಿಗುತ್ತದೆ. ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು ಎಂಬ ವಾಕ್ಯವನ್ನು ಯಾರು ಬರೆದರೂ ಹೆಚ್ಚುಕಡಿಮೆ ಅದೇ ಪದಗಳಲ್ಲಿ ಬರೆಯಬೇಕಾಗುತ್ತದೆ.

"ಶೇ. 84" ಎಂಬುದರ ಅರ್ಥವೂ ಸಾಧನದಿಂದ ಸಾಧನಕ್ಕೆ ಬೇರೆ. ಕೆಲವು ಸಾಧನಗಳಲ್ಲಿ ಅದು ಪಠ್ಯದ ಎಷ್ಟು ಭಾಗದ ಮೇಲೆ ಗುರುತು ಬಿದ್ದಿದೆ ಎಂಬ ಪ್ರಮಾಣ. ಇನ್ನು ಕೆಲವುಗಳಲ್ಲಿ ಇಡೀ ಪಠ್ಯ ಯಂತ್ರದ್ದಾಗಿರುವ ಸಂಭವ ಎಷ್ಟೆಂದು ಸಾಧನವೇ ಹಾಕಿಕೊಂಡ ಅಂದಾಜು. ಮೊದಲನೆಯದಾದರೆ ಗುರುತು ಬಿದ್ದ ವಾಕ್ಯಗಳನ್ನು ಒಂದೊಂದಾಗಿ ಎತ್ತಿ ಚರ್ಚಿಸಬಹುದು. ಎರಡನೆಯದಾದರೆ ಹಾಗೆ ಎತ್ತಿಕೊಳ್ಳಲು ವಾಕ್ಯಗಳೇ ಇರುವುದಿಲ್ಲ. ಆದ್ದರಿಂದ ಪತ್ರ ಮೊದಲು ಕೇಳಬೇಕಾದದ್ದು ಇದನ್ನೇ.

ಹೊರಗಿನ ಪುರಾವೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡೆವು. ಒಂದು, ಓಪನ್‌ಎಐ ಸಂಸ್ಥೆ 2023ರ ಜನವರಿಯಲ್ಲಿ ಹೊರತಂದ ತನ್ನದೇ ಪತ್ತೆ ಸಾಧನವನ್ನು ಅದರ ನಿಖರತೆ ಕಡಿಮೆ ಎಂಬ ಕಾರಣ ಕೊಟ್ಟು ಅದೇ ವರ್ಷದ ಜುಲೈನಲ್ಲಿ ಹಿಂತೆಗೆದುಕೊಂಡದ್ದು. ಇನ್ನೊಂದು, ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಅವರು ಏಳು ಡಿಟೆಕ್ಟರುಗಳಿಗೆ ಕೊಟ್ಟಾಗ, ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು ಯಂತ್ರದ ಬರಹ ಎನಿಸಿಕೊಂಡವು. ಅಮೆರಿಕದ ಎಂಟನೇ ತರಗತಿಯ ಮಕ್ಕಳ ಪ್ರಬಂಧಗಳನ್ನು ಅವೇ ಸಾಧನಗಳು ಬಹುತೇಕ ಸರಿಯಾಗಿಯೇ ಗುರುತಿಸಿದವು. ನಮ್ಮ ಬರಹಗಾರ್ತಿಗೂ ಇಂಗ್ಲಿಷ್ ಮಾತೃಭಾಷೆಯಲ್ಲ. ಆದರೂ ಆ ಸಾಧನಗಳು ಅಂದಿನವು, ಇಂದಿನವು ಬದಲಾಗಿರಬಹುದು. ಹೀಗಾಗಿ ಇದನ್ನು ಒಂದು ವಾಕ್ಯಕ್ಕಿಂತ ಹೆಚ್ಚು ಬೆಳೆಸುವುದು ಬೇಡವೆಂದೆ.

ದಾಖಲೆಗಳನ್ನು ಒಟ್ಟುಮಾಡಿದ್ದು

ಮೊದಲು ಕರಾರುಪತ್ರವನ್ನು ತೆರೆದು ಓದಿದೆವು. ಅದರಲ್ಲಿ "ಲೇಖಕರ ಸ್ವಂತ ಬರಹ, ಎಐ ರಚಿಸಿದ ಪಠ್ಯ ಕೂಡದು" ಎಂದಿತ್ತೇ ಹೊರತು ಯಾವುದೇ ಡಿಟೆಕ್ಟರಿನ ಹೆಸರಾಗಲಿ ಮಿತಿಯಾಗಲಿ ಇರಲಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಇಂಥ ಸಾಧನದಲ್ಲಿ ಇಷ್ಟಕ್ಕಿಂತ ಕಡಿಮೆ ಅಂಕಿ ಬರಬೇಕು ಎಂದು ಒಪ್ಪಿ ಸಹಿ ಹಾಕಿದ್ದರೆ, ಲೇಖನ ಸ್ವಂತದ್ದೇ ಆಗಿದ್ದರೂ ಕರಾರು ಮುರಿದಂತಾಗುತ್ತಿತ್ತು, ಮತ್ತು ಸ್ವಂತಿಕೆಯ ಬಗ್ಗೆ ಎಷ್ಟು ಬರೆದರೂ ಪ್ರಯೋಜನವಾಗುತ್ತಿರಲಿಲ್ಲ.

ಮುಖ್ಯ ದಾಖಲೆ ಗೂಗಲ್ ಡಾಕ್ಸ್‌ನ ಆವೃತ್ತಿ ಇತಿಹಾಸ. ಅದನ್ನು ತೋರಿಸುವುದು ಅಂದುಕೊಂಡಷ್ಟು ಸರಳವಲ್ಲ. ಕಡತವನ್ನು ನೋಡಲು ಮಾತ್ರ ಅನುಮತಿ ಇರುವವರಿಗೆ `Version history` ತೆರೆಯುವುದಿಲ್ಲ, ತಿದ್ದುವ ಅನುಮತಿಯನ್ನೇ ಕೊಡಬೇಕು. ಮೂಲ ಕಡತ ಹಾಳಾದೀತೆಂದು ಪ್ರತಿ ಮಾಡಿ ಕಳಿಸಿದರೆ ಹಳೆಯ ಇತಿಹಾಸ ಪ್ರತಿಯೊಂದಿಗೆ ಹೋಗುವುದಿಲ್ಲ. ವರ್ಡ್ ಕಡತವಾಗಿ ಇಳಿಸಿಕೊಂಡರೂ ಅಷ್ಟೇ. ಹೀಗಾಗಿ ಮೂರು ಹಂತಗಳ ಪಠ್ಯವನ್ನು ಪಿಡಿಎಫ್ ಮಾಡಿ ಲಗತ್ತಿಸುವುದು, ಪೂರ್ಣ ಇತಿಹಾಸವನ್ನು ವಿಡಿಯೊ ಕರೆಯಲ್ಲಿ ಪರದೆ ಹಂಚಿಕೊಂಡು ತೋರಿಸುವುದು ಎಂದು ನಿಶ್ಚಯಿಸಿದರು.

ಆ ಇತಿಹಾಸದಲ್ಲಿ ನನ್ನ ಕಣ್ಣಿಗೆ ಬಿದ್ದ ಒಂದು ತಿದ್ದುಪಡಿ ಇಡೀ ಪತ್ರದ ಬೆನ್ನೆಲುಬಾಯಿತು. ಮೊದಲ ಆವೃತ್ತಿಯಲ್ಲಿ, ತಾಪಮಾನದ ಸಂವೇದಕವನ್ನು ಬಾಗಿಲ ಬಳಿ ಗಾಳಿಯಲ್ಲಿ ತೂಗುಬಿಡಬೇಕು, ಏಕೆಂದರೆ ಬಿಸಿಗಾಳಿ ಮೊದಲು ನುಗ್ಗುವುದು ಅಲ್ಲಿಗೇ, ಎಂದು ಅವರು ಬರೆದಿದ್ದರು. ನಡುವೆ ಒಬ್ಬ ತಂತ್ರಜ್ಞರೊಂದಿಗೆ ಫೋನಿನಲ್ಲಿ ಮಾತಾಡಿದರು. ಬಾಗಿಲು ತೆರೆದೊಡನೆ ಗಾಳಿಯ ಉಷ್ಣತೆ ಜಿಗಿಯುತ್ತದೆ, ಸೀಸೆಯೊಳಗಿನ ಔಷಧದ್ದು ಅಷ್ಟು ಬೇಗ ಏರುವುದಿಲ್ಲ. ಗಾಳಿಯನ್ನೇ ಅಳೆದರೆ ದಿನವಿಡೀ ಸುಳ್ಳು ಅಲಾರಂ ಹೊಡೆದು ಕೊನೆಗೆ ಸಿಬ್ಬಂದಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಂತಾಗುತ್ತದೆ. ಸಂವೇದಕದ ತುದಿಯನ್ನು ಗ್ಲೈಕಾಲ್ ಎಂಬ ದ್ರವ ತುಂಬಿದ ಸಣ್ಣ ಸೀಸೆಯಲ್ಲಿ ಮುಳುಗಿಸಿ ಔಷಧಗಳ ನಡುವೆಯೇ ಇಡಬೇಕು ಎಂದು ಆ ತಂತ್ರಜ್ಞರು ವಿವರಿಸಿದರು. ಮರುದಿನದ ಆವೃತ್ತಿಯಲ್ಲಿ ಬಾಗಿಲಿನ ವಾಕ್ಯದ ಮೇಲೆ ಅಡ್ಡಗೆರೆ, ಅದರ ಕೆಳಗೆ "ಗ್ಲೈಕಾಲ್ — ಯಾಕೆ? ಮತ್ತೆ ಕೇಳಬೇಕು" ಎಂಬ ಅರ್ಥದ ಒಂದು ಟಿಪ್ಪಣಿ, ಆಮೇಲಿನ ಆವೃತ್ತಿಯಲ್ಲಿ ಹೊಸ ಪ್ಯಾರಾ. ಒಂದು ಅಭಿಪ್ರಾಯ ಹುಟ್ಟಿ, ಪೆಟ್ಟು ತಿಂದು, ಬದಲಾದದ್ದು ಅಲ್ಲಿ ದಿನಾಂಕ ಸಮೇತ ಕಾಣುತ್ತಿತ್ತು. ಎಷ್ಟು ಗಂಟೆ ಟೈಪ್ ಮಾಡಿದರು ಎಂಬುದಕ್ಕಿಂತ ಇದರ ತೂಕ ಹೆಚ್ಚು, ಏಕೆಂದರೆ ಬೇರೆ ಕಡೆಯಿಂದ ತಂದ ಪಠ್ಯವನ್ನೂ ಗಂಟೆಗಟ್ಟಲೆ ಟೈಪ್ ಮಾಡಬಹುದು.

ಅನುಮಾನಕ್ಕೆ ಎಡೆಮಾಡುವ ಸಂಗತಿಯೂ ಅದೇ ಇತಿಹಾಸದಲ್ಲಿತ್ತು. ಅಲಾರಂ ಕುರಿತ ಇಡೀ ಭಾಗ ಒಂದೇ ಕ್ಷಣದಲ್ಲಿ ಕಡತಕ್ಕೆ ಬಂದು ಕೂತಿತ್ತು. ಇಂಟರ್ನೆಟ್ ಇಲ್ಲದ ಹೊತ್ತಿನಲ್ಲಿ ಅದನ್ನು ನೋಟ್‌ಪ್ಯಾಡ್‌ನಲ್ಲಿ ಬರೆದು ಆಮೇಲೆ ಅಂಟಿಸಿದ್ದರು. ಆ ನೋಟ್‌ಪ್ಯಾಡ್ ಕಡತದಲ್ಲಿ ಹಂತಗಳೇನೂ ಉಳಿದಿರಲಿಲ್ಲ. ಇದನ್ನು ಪತ್ರದಲ್ಲಿ ನಾವೇ ಹೇಳಬೇಕೆಂದು ನಾನು ಪಟ್ಟುಹಿಡಿದೆ. ಪರದೆಯ ಮೇಲೆ ಗ್ರಾಹಕರೇ ಅದನ್ನು ಮೊದಲು ಕಂಡರೆ ಉಳಿದ ದಾಖಲೆಗಳ ಮೇಲೂ ಅದರ ನೆರಳು ಬೀಳುತ್ತದೆ.

ತಂತ್ರಜ್ಞರ ಮಾತಿನ ಧ್ವನಿಮುದ್ರಣವೂ ಅವರ ಬಳಿ ಇತ್ತು. ಆದರೆ ಮೂರನೆಯವರಿಗೆ ಕೇಳಿಸಲು ಆ ತಂತ್ರಜ್ಞರು ಒಪ್ಪಿರಲಿಲ್ಲ. ಕೇಳಿದಾಗ ಕೈಬರಹದ ಟಿಪ್ಪಣಿಯ ಒಂದು ಪುಟಕ್ಕೆ ಮಾತ್ರ ಒಪ್ಪಿದರು, ಅಷ್ಟನ್ನೇ ಲಗತ್ತಿಸಿದರು.

ಕಳಿಸಿದ ಪತ್ರ

ಮಾನ್ಯರೇ,

ಶೀತಲ ಕೋಣೆಯ ತಾಪಮಾನ ದಾಖಲೆ ಕುರಿತ ನನ್ನ ಲೇಖನದ ಬಗ್ಗೆ ತಾವು ಕಳಿಸಿದ ಇಮೇಲ್ ತಲುಪಿದೆ. ಆ ಲೇಖನವನ್ನು ನಾನೇ ಬರೆದಿದ್ದೇನೆ. ಅದರ ಯಾವ ವಾಕ್ಯವನ್ನೂ ಎಐ ಸಾಧನದಿಂದ ಬರೆಸಿಲ್ಲ, ತಿದ್ದಿಸಿಲ್ಲ, ಅನುವಾದ ಮಾಡಿಸಿಲ್ಲ. ನಾನು ಬಳಸಿದ್ದು ಕಾಗುಣಿತ ಪರೀಕ್ಷಕವನ್ನು ಮಾತ್ರ, ಅದೂ ಪದಗಳನ್ನು ಸರಿಪಡಿಸಿಕೊಳ್ಳಲು; ವಾಕ್ಯಗಳನ್ನು ಪುನಃ ಬರೆದುಕೊಡುವ ಸೌಲಭ್ಯವಿರುವ ಯಾವ ವ್ಯಾಕರಣ ತಂತ್ರಾಂಶವನ್ನೂ ಬಳಸಿಲ್ಲ.

ತಮ್ಮ ಬ್ರ್ಯಾಂಡಿನ ಹೆಸರಿನಲ್ಲಿ ಯಂತ್ರದ ಬರಹ ಪ್ರಕಟವಾಗಬಾರದೆಂಬ ತಮ್ಮ ಕಾಳಜಿ ನ್ಯಾಯವಾದದ್ದು, ಮತ್ತು ಪ್ರಶ್ನೆ ಕೇಳುವ ಹಕ್ಕು ತಮಗಿದೆ. ಆದ್ದರಿಂದ ನನ್ನ ಮಾತನ್ನಷ್ಟೇ ನಂಬಿ ಎಂದು ಕೇಳದೆ, ಲೇಖನ ರೂಪುಗೊಂಡ ದಾಖಲೆಗಳನ್ನು ತಮ್ಮ ಮುಂದಿಡುತ್ತಿದ್ದೇನೆ.

ಲಗತ್ತಿಸಿದ ಮೂರು ಪಿಡಿಎಫ್‌ಗಳು ಲೇಖನದ ಮೂರು ಹಂತಗಳು. ಮೊದಲನೆಯದರಲ್ಲಿ ಸಂವೇದಕವನ್ನು ಬಾಗಿಲ ಬಳಿ ಇಡಬೇಕೆಂದು ಬರೆದಿದ್ದೇನೆ. ತಂತ್ರಜ್ಞರೊಬ್ಬರು ಅದು ಸರಿಯಲ್ಲವೆಂದು ವಿವರಿಸಿದ ಬಳಿಕ ಎರಡನೆಯದರಲ್ಲಿ ಆ ವಾಕ್ಯ ಹೋಗಿದೆ, ಮೂರನೆಯದರಲ್ಲಿ ಗ್ಲೈಕಾಲ್ ಸೀಸೆಯ ಪ್ಯಾರಾ ಬಂದಿದೆ. ಆ ಸಂಭಾಷಣೆಯ ಟಿಪ್ಪಣಿಯ ಒಂದು ಪುಟವನ್ನು ಅವರ ಒಪ್ಪಿಗೆಯೊಂದಿಗೆ ಲಗತ್ತಿಸಿದ್ದೇನೆ. ಕಡತದ ಪೂರ್ಣ ಆವೃತ್ತಿ ಇತಿಹಾಸವನ್ನು ತಮಗೆ ಅನುಕೂಲವಾದ ಹೊತ್ತಿನಲ್ಲಿ ವಿಡಿಯೊ ಕರೆಯಲ್ಲಿ ತೋರಿಸಲು ಸಿದ್ಧಳಿದ್ದೇನೆ. ಲೇಖನದ ಯಾವ ಭಾಗದ ಬಗ್ಗೆಯಾದರೂ, ಏಕೆ ಹಾಗೆ ಬರೆದೆ, ಏನನ್ನು ಬಿಟ್ಟೆ ಎಂದು ಆಗಲೇ ತಾವು ಕೇಳಬಹುದು.

ಆ ಇತಿಹಾಸದಲ್ಲಿ ಅಲಾರಂ ಕುರಿತ ಭಾಗ ಒಮ್ಮೆಲೇ ಅಂಟಿಸಿದಂತೆ ಕಾಣುತ್ತದೆ. ಅದನ್ನು ಇಂಟರ್ನೆಟ್ ಇಲ್ಲದಾಗ ನೋಟ್‌ಪ್ಯಾಡ್‌ನಲ್ಲಿ ಬರೆದಿದ್ದೆ, ಹಂತಗಳ ದಾಖಲೆ ನನ್ನ ಬಳಿ ಇಲ್ಲ. ಅದರಲ್ಲಿರುವ ಸಂಗತಿಗಳು ಲಗತ್ತಿಸಿದ ಟಿಪ್ಪಣಿಯಲ್ಲಿವೆ, ಹೋಲಿಸಿ ನೋಡಬಹುದು.

ಪರೀಕ್ಷೆಯ ಬಗ್ಗೆ ನನ್ನ ಕೋರಿಕೆ ಎರಡು. ಪರೀಕ್ಷಿಸಿದ ಪಠ್ಯ ನಾನು ಸಲ್ಲಿಸಿದ್ದೋ, ತಮ್ಮಲ್ಲಿ ಸಂಪಾದಿಸಿದ್ದೋ ಎಂಬುದನ್ನೂ, ಗುರುತು ಬಿದ್ದ ವಾಕ್ಯಗಳನ್ನು ತೋರಿಸುವ ಪೂರ್ಣ ವರದಿಯನ್ನೂ ದಯವಿಟ್ಟು ಕಳಿಸಿಕೊಡಿ. ಹಾಗೆಯೇ, 2018ರಲ್ಲಿ ಬೇರೆಡೆ ಪ್ರಕಟವಾದ ನನ್ನ ಎರಡು ಇಂಗ್ಲಿಷ್ ಲೇಖನಗಳ ಕೊಂಡಿಗಳನ್ನು ಕೆಳಗೆ ಕೊಟ್ಟಿದ್ದೇನೆ. ಇಂದಿನ ಬರಹ ಯಂತ್ರಗಳು ಆಗ ಯಾರ ಕೈಗೂ ಸಿಗುತ್ತಿರಲಿಲ್ಲ. ಅವನ್ನು ತಾವೇ ಅದೇ ಸಾಧನದಲ್ಲಿ ಪರೀಕ್ಷಿಸಬೇಕೆಂದು ಕೋರುತ್ತೇನೆ. ಫಲಿತಾಂಶ ಏನು ಬರುತ್ತದೆಂದು ನನಗೆ ತಿಳಿದಿಲ್ಲ. ನಾನು ಪರೀಕ್ಷಿಸಿ ನೋಡಿಲ್ಲ. ಚಿಕ್ಕ ವಾಕ್ಯ, ಸರಳ ಪದ, ನಿಗದಿತ ಉಪಶೀರ್ಷಿಕೆಗಳನ್ನು ಬಯಸುವ ತಮ್ಮ ಶೈಲಿ ಸೂಚಿಯನ್ನು ನಾನು ಅನುಸರಿಸಿದ್ದೇನೆ, ಮತ್ತು ಇಂಥ ಸಾಧನಗಳು ಅನುಮಾನಿಸುವುದು ಅಂಥ ಏಕರೂಪದ ಬರಹವನ್ನೇ. ಓಪನ್‌ಎಐ ತನ್ನ ಪತ್ತೆ ಸಾಧನವನ್ನು ಕಡಿಮೆ ನಿಖರತೆಯ ಕಾರಣಕ್ಕೆ 2023ರಲ್ಲಿ ಹಿಂತೆಗೆದುಕೊಂಡಿತು; ಇಂಗ್ಲಿಷ್ ಮಾತೃಭಾಷೆಯಲ್ಲದವರ ಬರಹದ ಮೇಲೆ ಹೆಚ್ಚು ತಪ್ಪು ಗುರುತು ಬೀಳುವುದನ್ನು ಅದೇ ವರ್ಷದ ಸ್ಟ್ಯಾನ್‌ಫರ್ಡ್ ಅಧ್ಯಯನ ತೋರಿಸಿದೆ.

ನಮ್ಮ ಕರಾರು ಸ್ವಂತ ಬರಹವನ್ನು ಕೇಳುತ್ತದೆ, ನಿರ್ದಿಷ್ಟ ಸಾಧನದ ಅಂಕಿಯನ್ನಲ್ಲ. ಈ ದಾಖಲೆಗಳು ತಮಗೆ ಒಪ್ಪಿಗೆಯಾದರೆ ಬಿಲ್ ಪಾವತಿಸಿ, ಆರೋಪವನ್ನು ಹಿಂತೆಗೆದುಕೊಂಡಿರುವುದಾಗಿ ಒಂದು ಸಾಲು ಬರೆದು ತಿಳಿಸಬೇಕೆಂದು ವಿನಂತಿ. ಒಪ್ಪಿಗೆಯಾಗದಿದ್ದರೆ ಯಾವ ಭಾಗದ ಬಗ್ಗೆ ಸಂದೇಹ ಉಳಿದಿದೆ ಎಂದು ತಿಳಿಸಿ. ಆ ಭಾಗಕ್ಕೆ ಉತ್ತರಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ

ಬಂದ ಉತ್ತರ

"ಪುನಃ ಬರೆದು ಕೊಡುತ್ತೇನೆ" ಎಂಬ ಮಾತು ಪತ್ರದಲ್ಲಿ ಇಲ್ಲದಿರುವುದನ್ನು ಗಮನಿಸಬಹುದು. ಮೊದಲ ಕರಡಿನಲ್ಲಿ ಅದು ಸೌಜನ್ಯದ ಮಾತಾಗಿ ಬಂದಿತ್ತು. ಅಂಕಿ ಇಳಿಯುವಂತೆ ಬರಹವನ್ನು ತಿರುಚಲು ಒಪ್ಪಿದರೆ ಆರೋಪವನ್ನು ಅರ್ಧ ಒಪ್ಪಿದಂತಾಗುತ್ತದೆ, ಅಲ್ಲದೆ ಸ್ಪಷ್ಟವಾದ ತಾಂತ್ರಿಕ ವಾಕ್ಯಗಳನ್ನು ಬೇಕೆಂದೇ ಗೋಜಲು ಮಾಡಬೇಕಾಗುತ್ತದೆ ಎಂದು ಅದನ್ನು ತೆಗೆಸಿದೆ.

ಕಂಟೆಂಟ್ ಮ್ಯಾನೇಜರ್ ಪೂರ್ಣ ವರದಿ ಕಳಿಸಿದರು. ಪರೀಕ್ಷಿಸಿದ್ದು ಸಂಸ್ಥೆಯಲ್ಲಿ ಸಂಪಾದಿಸಿದ ಪ್ರತಿ. ಗುರುತು ಬಿದ್ದದ್ದು ಹೆಚ್ಚಾಗಿ ವ್ಯಾಖ್ಯಾನಗಳ ಮೇಲೆ, ಕ್ರಮಸೂಚನೆಯ ಭಾಗದ ಮೇಲೆ, ಮತ್ತು ಸಂಸ್ಥೆಯವರೇ ಸೇರಿಸಿದ ಕೊನೆಯ ಪ್ಯಾರಾದ ಮೇಲೆ. ಗ್ಲೈಕಾಲ್ ಪ್ಯಾರಾ ಮತ್ತು ಅಂಟಿಸಿದ ಅಲಾರಂ ಭಾಗದ ಬಹುಪಾಲು ಗುರುತಿಲ್ಲದೆ ಉಳಿದಿದ್ದವು. 2018ರ ಲೇಖನಗಳಲ್ಲಿ ಒಂದು, ಯಂತ್ರೋಪಕರಣದ ನಿರ್ವಹಣೆ ಕುರಿತದ್ದು, ಹೆಚ್ಚಿನ ಅಂಕಿಯನ್ನೇ ಪಡೆಯಿತು. ಇನ್ನೊಂದು, ವ್ಯಕ್ತಿಚಿತ್ರ, ಕಡಿಮೆ ಅಂಕಿ ಪಡೆಯಿತು. ಎರಡೂ ಹೆಚ್ಚಿನ ಅಂಕಿ ಪಡೆದಿದ್ದರೆ ವಾದ ಇನ್ನೂ ಗಟ್ಟಿಯಾಗುತ್ತಿತ್ತು ಎಂದು ಬರಹಗಾರ್ತಿಗೆ ಅನ್ನಿಸಿತು. ನನಗೆ ಹಾಗನ್ನಿಸಲಿಲ್ಲ. ಒಬ್ಬರೇ ಬರೆದ ಎರಡು ಲೇಖನಗಳಿಗೆ ಬಂದ ಬೇರೆ ಬೇರೆ ಅಂಕಿಗಳು, ಸಾಧನ ಪ್ರತಿಕ್ರಿಯಿಸುತ್ತಿರುವುದು ಬರಹದ ಪ್ರಕಾರಕ್ಕೆ ಎಂಬ ಊಹೆಗೆ ಹೊಂದುತ್ತಿದ್ದವು, ಎರಡು ಲೇಖನಗಳಿಂದ ಅಷ್ಟನ್ನು ಖಚಿತವಾಗಿ ಹೇಳಲಾಗದಿದ್ದರೂ.

ವಿಡಿಯೊ ಕರೆಯಲ್ಲಿ ಮ್ಯಾನೇಜರ್ ಬಹಳ ಹೊತ್ತು ನಿಂತದ್ದು ಬಾಗಿಲ ಬಳಿಯ ಸಂವೇದಕದ ವಾಕ್ಯದ ಮೇಲೆಯೇ. ಅಂಟಿಸಿದ ಭಾಗದ ಬಗ್ಗೆ ಎರಡು ಪ್ರಶ್ನೆ ಕೇಳಿದರು: ಎಷ್ಟು ನಿಮಿಷ ತಡವಾಗಿ ಅಲಾರಂ ಹೊಡೆಯಬೇಕೆಂದು ಲೇಖನ ನಿಖರವಾಗಿ ಹೇಳದಿರುವುದು ಏಕೆ, ಮತ್ತು ವಿದ್ಯುತ್ ಕಡಿತದ ಪ್ರಸ್ತಾಪ ಬಿಟ್ಟುಹೋದದ್ದು ಏಕೆ. ಕೋಣೆಯ ಗಾತ್ರ, ಒಳಗಿರುವ ಸರಕು ನೋಡಿ ಆ ಅವಧಿ ಬದಲಾಗುತ್ತದೆಂದು ತಂತ್ರಜ್ಞರು ಹೇಳಿದ್ದರಿಂದ ಅಂಕಿ ಕೊಡಲಿಲ್ಲ, ವಿದ್ಯುತ್ ಕಡಿತ ಸಂಸ್ಥೆಯ ಸೂಚನೆಯಲ್ಲಿ ಬೇರೆ ಲೇಖನದ ವಿಷಯವಾಗಿತ್ತು ಎಂದು ಬರಹಗಾರ್ತಿ ಉತ್ತರಿಸಿದರು.

ಬಿಲ್ ಪಾವತಿಯಾಯಿತು, ಲೇಖನವೂ ಪ್ರಕಟವಾಯಿತು. ಆದರೆ ಆರೋಪ ಹಿಂತೆಗೆದುಕೊಂಡಿದ್ದೇವೆ ಎಂಬ ಸಾಲು ಬರಲಿಲ್ಲ. "ಈ ವಿಷಯ ಮುಕ್ತಾಯವಾಗಿದೆ" ಎಂದಷ್ಟೇ ಬರೆದರು. ಬರಹಗಾರ್ತಿ ಅದನ್ನು ಹಿಡಿದು ಎಳೆಯಲಿಲ್ಲ. ದಾಖಲೆಗಳು ಅನುಮಾನವನ್ನು ಗಣನೀಯವಾಗಿ ಇಳಿಸಬಲ್ಲವು, ಶೂನ್ಯಕ್ಕೆ ಇಳಿಸಲಾರವು ಎಂಬುದು ಇಬ್ಬರಿಗೂ ಗೊತ್ತಿತ್ತು.

ಮುಂದಿನ ಕರಾರಿಗೆ ಸಂಸ್ಥೆ ಒಂದು ಹೊಸ ಷರತ್ತು ಸೂಚಿಸಿತು: ತನ್ನ ಸಾಧನದಲ್ಲಿ ಅಂಕಿ ಶೇ. 20 ಮೀರಬಾರದು. ಬರಹಗಾರ್ತಿ ಅದಕ್ಕೆ ಸಹಿ ಹಾಕಲು ಒಪ್ಪದೆ, ಬದಲಿಗೆ ಮೊದಲ ದಿನದಿಂದಲೇ ಹಂಚಿಕೊಂಡ ಕಡತದಲ್ಲಿ ಬರೆಯುವುದಾಗಿಯೂ, ಗುರುತು ಬಿದ್ದರೆ ಪಾವತಿ ತಡೆಹಿಡಿಯುವ ಮುನ್ನ ಪೂರ್ಣ ವರದಿ ಕೊಟ್ಟು ವಿವರಣೆ ಕೇಳಬೇಕೆಂದೂ ಬರೆದು ಕಳಿಸಿದರು. ಹಂಚಿಕೊಂಡ ಕಡತದ ಮಾತನ್ನು ಸಂಸ್ಥೆ ಒಪ್ಪಿತು, ಶೇ. 20ರ ಷರತ್ತನ್ನು ಕೈಬಿಟ್ಟಿತು. ಪಾವತಿಯ ಷರತ್ತಿನ ಒಕ್ಕಣೆ ಇನ್ನೂ ಇತ್ಯರ್ಥವಾಗಿಲ್ಲ.